ವಾಪಸಾದ ಸಂಬಳವನ್ನು ಮತ್ತೆ ಕೇಳುವುದು

ಪೇಸ್ಲಿಪ್‌ನಲ್ಲಿ 32,400 ರೂಪಾಯಿ ಪಾವತಿಯಾಗಿದೆ, ಖಾತೆಗೆ ಮಾತ್ರ ಬಂದಿಲ್ಲ. ಖಾತೆ ಸಂಖ್ಯೆಯ ಕೊನೆ 4517 ಇರಬೇಕಾದಲ್ಲಿ 4571 ಎಂದು ದಾಖಲಾಗಿತ್ತು ಎನ್ನಿ. ಎನ್‌ಇಎಫ್‌ಟಿಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಆ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಹಣ ಕಂಪನಿಯ ಖಾತೆಗೆ ಮರಳುತ್ತದೆ. ಆದರೆ ಪೇರೋಲ್ ತಂತ್ರಾಂಶದಲ್ಲಿ ‘ಪಾವತಿಯಾಗಿದೆ’ ಎಂದೇ ಉಳಿದಿರಬಹುದು. ಯಾರೂ ಗಮನಿಸದೆ ಹೋಗುವುದು ಇಲ್ಲಿಯೇ.

ಹಾಗಾಗಿ ‘ಸಂಬಳ ಬಂದಿಲ್ಲ’ ಎಂದಷ್ಟೇ ಬರೆದರೆ ಸಾಲದು. ಮೊದಲು ಆ ಪಾವತಿಯ ಯುಟಿಆರ್ ಸಂಖ್ಯೆ ಕೇಳಿ, ಅದೇ ಮೊತ್ತ ವಾಪಸು ಜಮೆಯಾಗಿದೆಯೇ ಎಂದು ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನೋಡಲು ಹೇಳಿ. ಈ ಖಾತ್ರಿಯಿಲ್ಲದೆ ಲೆಕ್ಕ ವಿಭಾಗದವರು ಎರಡನೇ ಸಲ ಹಣ ಬಿಡಲು ಹಿಂಜರಿಯುತ್ತಾರೆ, ಅದು ನ್ಯಾಯವೂ ಹೌದು. ಇಮೇಲ್ ಹೀಗಿದ್ದರೆ ಸಾಕು: ‘ಜೂನ್ ಸಂಬಳ ವಾಪಸಾಗಿದೆ. ಸರಿಯಾದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಇರುವ ರದ್ದಾದ ಚೆಕ್ ಲಗತ್ತಿಸಿದ್ದೇನೆ. ದಯವಿಟ್ಟು ಮರುಪಾವತಿಸಿ, ಮುಂದಿನ ತಿಂಗಳಿಗೂ ಖಾತೆಯನ್ನು ತಿದ್ದಿ.’

ಮರುಪಾವತಿ ಹೊಸ ಸಂಬಳವಲ್ಲ. ಪಿಎಫ್, ಟಿಡಿಎಸ್ ಮತ್ತೆ ಕಡಿತವಾಗಬಾರದು. ಬರಬೇಕಾದ್ದು ಅದೇ 32,400.

4571 ಬೇರೆಯವರ ಖಾತೆಯಾಗಿದ್ದರೆ ಹಣ ತಾನಾಗಿ ಮರಳದು. ಆಗ ಕಂಪನಿ ತನ್ನ ಬ್ಯಾಂಕಿಗೆ ಕೂಡಲೇ ಲಿಖಿತ ದೂರು ಕೊಡಬೇಕು.