ಕಾರ್ಡ್ ಹಾಕಿದರೂ ಲ್ಯಾಪ್‌ಟಾಪ್ ಸುಮ್ಮನಿದ್ದರೆ

ಕ್ಯಾಮೆರಾದ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪ್ ಬದಿಯ ಕಿಂಡಿಗೆ ತಳ್ಳುತ್ತೀರಿ. ಸದ್ದಿಲ್ಲ, ಹೊಸ ಡ್ರೈವ್ ಇಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ. ರೀಡರ್ ಕೆಟ್ಟಿತು ಎಂದುಕೊಂಡು ಅಂಗಡಿಗೆ ಹೊರಡುವವರೇ ಹೆಚ್ಚು. ಅದಕ್ಕೆ ಮೊದಲು ಒಂದನ್ನು ಗಮನಿಸಿ: ಲ್ಯಾಪ್‌ಟಾಪ್ ಪೂರ್ತಿ ಸುಮ್ಮನಿದೆಯೋ, ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೆಂದು ಕೇಳುತ್ತಿದೆಯೋ? ಕೇಳುತ್ತಿದ್ದರೆ ರೀಡರ್‌ಗೆ ಕಾರ್ಡ್ ಸಿಕ್ಕಿದೆ, ಒಳಗಿನ ಬರಹ ಮಾತ್ರ ವಿಂಡೋಸ್‌ಗೆ ಅರ್ಥವಾಗಿಲ್ಲ. ಆಗ ‘ಬೇಡ’ ಎನ್ನಿ. ‘ಸರಿ’ ಎಂದರೆ ಮದುವೆ ಫೋಟೊಗಳು ಕೈತಪ್ಪುತ್ತವೆ.

ಪೂರ್ತಿ ಮೌನವಾಗಿದ್ದರೆ ಮೊದಲ ಪರೀಕ್ಷೆ ಸುಲಭದ್ದು. ಅದೇ ಕಿಂಡಿಗೆ ಬೇರೆ ಕಾರ್ಡ್ ಹಾಕಿ ನೋಡಿ, ಅದೇ ಕಾರ್ಡನ್ನು ಬೇರೆ ಯಂತ್ರದಲ್ಲೂ ಹಾಕಿ ನೋಡಿ. ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರ್‌ನೊಳಗೆ ಇಟ್ಟಿದ್ದರೆ ಅಡಾಪ್ಟರನ್ನೂ ಬದಲಿಸಿ. ಎಷ್ಟೋ ಸಲ ದೋಷ ಇರುವುದು ಆ ಅಗ್ಗದ ಪ್ಲಾಸ್ಟಿಕ್ ತುಣುಕಿನಲ್ಲೇ.

2007ರ ಸುಮಾರಿನ ಹಳೆಯ ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಳ್ಳೋಣ. ಅದರಲ್ಲಿ 2 ಜಿಬಿ ಕಾರ್ಡ್ ಚೆನ್ನಾಗಿ ತೆರೆದುಕೊಳ್ಳುತ್ತದೆ, 64 ಜಿಬಿಯದು ತೆರೆದುಕೊಳ್ಳುವುದಿಲ್ಲ. ಎರಡೂ ನೋಡಲು ಒಂದೇ ಅಳತೆಯವು, ಕಿಂಡಿಯಲ್ಲಿ ಸಲೀಸಾಗಿ ಕೂರುತ್ತವೆ, ಆದರೆ ಜಾತಿ ಬೇರೆ. ಮೊದಲ ಎಸ್‌ಡಿ ಕಾರ್ಡ್‌ಗಳು 2 ಜಿಬಿವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ. 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ ಅದರಿಂದ ಮೇಲಕ್ಕೆ, 2 ಟಿಬಿವರೆಗೆ. ಹೊಸ ರೀಡರ್ ಹಳೆಯ ಕಾರ್ಡನ್ನು ಓದುತ್ತದೆ. ಮೊದಲ ಕಾಲದ ರೀಡರ್‌ಗೆ ಮಾತ್ರ ಹೊಸ ಕಾರ್ಡಿನ ವಿಳಾಸ ಕ್ರಮವೇ ಗೊತ್ತಿಲ್ಲ. ಕಾರ್ಡಿನ ಮೇಲಿನ ಚಿಹ್ನೆಯ ಪಕ್ಕದಲ್ಲಿ HC ಅಥವಾ XC ಎಂದು ಅಚ್ಚಾಗಿರುತ್ತದೆ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಅದೇ ಅಕ್ಷರಗಳಿವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಎಸ್‌ಡಿಎಚ್‌ಸಿ ಓದುವ ಕೆಲವು ರೀಡರ್‌ಗಳು ಮಾತ್ರ ಹೊಸ ಡ್ರೈವರ್ ಹಾಕಿದ ಮೇಲೆ ಎಸ್‌ಡಿಎಕ್ಸ್‌ಸಿಯನ್ನೂ ಓದುವುದುಂಟು.

ಯಾವ ಕಾರ್ಡೂ ಕಾಣಿಸದಿದ್ದರೆ ಡ್ರೈವರ್ ಕಡೆ ತಿರುಗಬೇಕು. ವಿಂಡೋಸ್ ಕೀ ಜೊತೆ R ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
devmgmt.msc
```

ತೆರೆಯುವ ಪಟ್ಟಿಯಲ್ಲಿ ರೀಡರ್ ಒಂದೇ ಜಾಗದಲ್ಲಿ ಇರುವುದಿಲ್ಲ. Memory technology devices ಅಡಿಯಲ್ಲೋ, SD host adapters ಅಡಿಯಲ್ಲೋ, ಯುಎಸ್‌ಬಿ ಸಾಲಿನಲ್ಲೋ ಸಿಗಬಹುದು. ಹುಡುಕುವಾಗ ಕಾರ್ಡ್ ಕಿಂಡಿಯಲ್ಲೇ ಇರಲಿ. ಖಾಲಿ ಇದ್ದಾಗ ವಿದ್ಯುತ್ ಉಳಿಸಲು ಮಲಗಿಬಿಟ್ಟು ಪಟ್ಟಿಯಿಂದಲೇ ಮಾಯವಾಗುವ ರೀಡರ್‌ಗಳಿವೆ. ಹಳದಿ ತ್ರಿಕೋನ ಕಂಡರೆ ಡ್ರೈವರ್ ತೊಂದರೆ ಎಂದೇ ಹೇಳಬಹುದು. ಹೊಸ ವಿಂಡೋಸ್‌ಗೆ ಏರಿಸಿದ ಬೆನ್ನಿಗೇ ರೀಡರ್ ನಿಂತಿದ್ದರೂ ಅನುಮಾನ ಅದರ ಮೇಲೇ. ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ Uninstall device ಒತ್ತಿ, ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿ. ಅದಕ್ಕೂ ಬಗ್ಗದಿದ್ದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆ ಕೊಟ್ಟು ಕಾರ್ಡ್ ರೀಡರ್ ಡ್ರೈವರನ್ನೇ ಇಳಿಸಿಕೊಳ್ಳಿ. ‘ಸರಿಯಾದ ಡ್ರೈವರ್ ಈಗಾಗಲೇ ಇದೆ’ ಎಂದು ವಿಂಡೋಸ್ ಹೇಳುವುದನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ತನ್ನ ಬಳಿ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಕಚೇರಿ ಬಳಕೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನಲ್ಲೇ ಕಾರ್ಡ್ ಕಿಂಡಿಯನ್ನು ಮುಚ್ಚಿಟ್ಟಿರುತ್ತಾರೆ, ಅದನ್ನೂ ನೋಡಿ.

ಕಾರ್ಡನ್ನು ಸ್ವಲ್ಪ ಒತ್ತಿ ಹಿಡಿದಾಗ ಕಾಣಿಸಿ, ಬಿಟ್ಟಾಗ ಮಾಯವಾದರೆ ಅದು ಡ್ರೈವರ್ ಅಲ್ಲ, ಸಂಪರ್ಕದ ತೊಂದರೆ. ಸಾಮಾನ್ಯ ಎಸ್‌ಡಿ ಕಾರ್ಡಿನ ಹಿಂಬದಿಯಲ್ಲಿ ಬಂಗಾರ ಬಣ್ಣದ 9 ಪಟ್ಟಿಗಳಿವೆ. ಬೆರಳಿನ ಜಿಡ್ಡು, ಬ್ಯಾಗಿನ ಧೂಳು ಅವುಗಳ ಮೇಲೆ ಪದರ ಕಟ್ಟುತ್ತವೆ. ಕರಾವಳಿಯ ತೇವದಲ್ಲಿ ಇಟ್ಟ ಕಾರ್ಡನ್ನು ಹೆಚ್ಚು ಗಮನವಿಟ್ಟು ನೋಡಬೇಕು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಸೋಕಿಸಿ ಪಟ್ಟಿಗಳನ್ನು ಒರೆಸಿ, ಪೂರ್ತಿ ಆರಲು ಬಿಡಿ. ಚಾಕು, ಮರಳು ಕಾಗದ ಬೇಡ. ಮೇಲಿನ ಬಂಗಾರದ ಲೇಪ ಬಹಳ ತೆಳು.

ಕಿಂಡಿಯ ಒಳಗೆ ಕಡ್ಡಿ ಹಾಕಲೇಬೇಡಿ. ಅಲ್ಲಿರುವುದು ಸ್ಪ್ರಿಂಗಿನಂತೆ ಮಣಿಯುವ ಸಣ್ಣ ಲೋಹದ ನಾಲಗೆಗಳು. ಕಾರ್ಡ್ ಬಂದಿದೆ ಎಂದು ತಿಳಿಸುವ ಸ್ವಿಚ್ ಕೂಡ ಅಲ್ಲೇ ಇದೆ. ಅದು ಬಾಗಿದರೆ ಕಾರ್ಡೂ ಡ್ರೈವರೂ ಸರಿ ಇದ್ದರೂ ಯಂತ್ರಕ್ಕೆ ಸುದ್ದಿಯೇ ತಲುಪುವುದಿಲ್ಲ. ಲ್ಯಾಪ್‌ಟಾಪ್ ಆರಿಸಿ, ಡಬ್ಬದಲ್ಲಿ ಸಿಗುವ ಒತ್ತಡದ ಗಾಳಿಯನ್ನು ಚಿಕ್ಕ ಚಿಕ್ಕ ಸಲ ಊದಿ. ಆಮೇಲೆ ಒಂದು ಒಣ ಕಾರ್ಡನ್ನು ನಾಲ್ಕಾರು ಸಲ ಹಾಕಿ ತೆಗೆಯಿರಿ, ಉಜ್ಜಾಟಕ್ಕೇ ನಾಲಗೆಗಳ ಕೊಳೆ ಬಿಡುತ್ತದೆ. ಬಾಯಿಂದ ಊದಿದರೆ ಎಂಜಲೂ ಒಳಗೆ ಹೋಗುತ್ತದೆ.

ಟಾರ್ಚ್ ಬೆಳಕಿನಲ್ಲಿ ನಾಲಗೆಯೊಂದು ಬಾಗಿದ್ದೋ ಮುರಿದದ್ದೋ ಕಂಡರೆ ಮುಂದೆ ಹೋಗಬೇಡಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸುವ ಕೂಲಿ ದುಬಾರಿ. ಅಂಥಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕಾರ್ಡ್ ರೀಡರ್ ಕೊಳ್ಳುವುದೇ ಜಾಣತನ. ಕೊಳ್ಳುವಾಗ ಅದರ ಮೇಲೆ SDXC ಎಂದು ಬರೆದಿದೆಯೇ ನೋಡಿಕೊಳ್ಳಿ.