ಕ್ರಿಯಾಪದ ನುಂಗಬೇಡಿ

ಒಂದು ಸಹಕಾರ ಸಂಘದ ವಾರ್ಷಿಕ ಮಹಾಸಭೆ ಎಂದುಕೊಳ್ಳಿ. ಕಾರ್ಯದರ್ಶಿಗಳು ಎದ್ದು ನಿಂತು ವರದಿ ಮಂಡಿಸುತ್ತಿದ್ದಾರೆ: ‘ಈ ವರ್ಷ ಸದಸ್ಯರಿಗೆ 12 ಲಕ್ಷ ರೂಪಾಯಿ ಸಾಲ ಕೊಟ್ಟಿದ್ದೆವು ಅದರಲ್ಲಿ 11 ಲಕ್ಷ 40 ಸಾವಿರ ವಸೂಲಾಗಿದೆ ಉಳಿದ 60 ಸಾವಿರಕ್ಕೆ ನಾವು ಇನ್ನೂ ನೋಟಿಸ್ ಕೊಟ್ಟಿಲ್ಲ.’ ಎಲ್ಲವೂ ಒಂದೇ ಉಸಿರಿಗೆ. ಹಿಂದಿನ ಸಾಲಿನವರಿಗೆ ‘ನೋಟಿಸ್ ಕೊ...’ ಅನ್ನುವ ತನಕ ಕೇಳಿಸಿತು. ಕೊಟ್ಟರೋ ಇಲ್ಲವೋ? ಅರ್ಧ ಸಭೆ ಕೊಟ್ಟಿದ್ದಾರೆ ಅಂದುಕೊಂಡಿತು, ಇನ್ನರ್ಧ ಕೇಳುವ ಗೋಜಿಗೇ ಹೋಗಲಿಲ್ಲ.

ಇದು ಮೈಕಿನ ದೋಷವಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆಯಿತೋ ಆಗಲಿಲ್ಲವೋ, ಆಗಬೇಕೋ ಬೇಡವೋ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಉಸಿರು ಖಾಲಿಯಾಗುವುದೂ ಅಲ್ಲೇ. ಸಭೆಯ ಮುಂದೆ ನಿಂತಾಗ ಎದೆ ಬಡಿತ ಏರಿ ಉಸಿರಾಟ ಮೇಲುಮೇಲಕ್ಕೆ ನಡೆಯುತ್ತದೆ. ಅರ್ಧ ಉಸಿರಲ್ಲಿ ಉದ್ದ ವಾಕ್ಯ ಹಿಡಿದರೆ ಶುರುವಿನಲ್ಲಿ ಗಟ್ಟಿಯಾಗಿದ್ದ ದನಿ ಕೊನೆಗೆ ಪಿಸುಮಾತಾಗುತ್ತದೆ. ವಾಕ್ಯದಲ್ಲಿ ಅತಿ ಮುಖ್ಯವಾದ ಪದಕ್ಕೆ ಅತಿ ಕಡಿಮೆ ದನಿ ಸಿಗುತ್ತದೆ.

ಹೀಗೆ ಮಾತಾಡುವವರಿಗೆ ‘ಸ್ವಲ್ಪ ನಿಧಾನ ಮಾತಾಡಿ’ ಎನ್ನುತ್ತಾರೆ. ಸಲಹೆ ಸರಿ, ಆದರೆ ಅರೆಬರೆ. ನಿಧಾನವಾಗಬೇಕು ಎಂದು ಒಂದೊಂದು ಅಕ್ಷರವನ್ನೂ ಎಳೆದರೆ ಕೇಳುವವರಿಗೆ ಜೋಂಪು ಹತ್ತುತ್ತದೆ. ಪದಗಳ ವೇಗ ಮಾಮೂಲಿನಂತೆಯೇ ಇರಲಿ. ಪದಗುಂಪುಗಳ ನಡುವಿನ ಜಾಗ ಹೆಚ್ಚಬೇಕು. ನಿಮಿಷಕ್ಕೆ 120ರಿಂದ 150 ಪದ ಎಂಬ ಲೆಕ್ಕ ಭಾಷಣ ಕಲಿಸುವ ಕಡೆ ಕೇಳಿಬರುತ್ತದೆ. ಅದು ಇಂಗ್ಲಿಷಿನದು. ಪ್ರತ್ಯಯಗಳೆಲ್ಲ ಅಂಟಿಕೊಂಡು ಪದ ಉದ್ದವಾಗುವ ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಅದರ ಬದಲು, ಸಭೆಗೆ ಗೊತ್ತಿರುವ ಸಂಗತಿಯನ್ನು ಮಾಮೂಲು ವೇಗದಲ್ಲಿ ದಾಟಿಸಿ, ಹೊಸ ಅಂಕಿ ಅಥವಾ ಹೊಸ ನಿರ್ಧಾರ ಬಂದಲ್ಲಿ ನಿಲ್ಲಿ.

ಎಲ್ಲಿ ನಿಲ್ಲಬೇಕು? ಕಾರ್ಯದರ್ಶಿಗಳ ಮಾತಿಗೇ ಗೆರೆ ಹಾಕೋಣ. ಒಂದು ಗೆರೆ ಸಣ್ಣ ತಡೆ, ಎರಡು ಗೆರೆ ಪೂರ್ತಿ ಉಸಿರು.

‘ಈ ವರ್ಷ ಸದಸ್ಯರಿಗೆ / 12 ಲಕ್ಷ ರೂಪಾಯಿ / ಸಾಲ ಕೊಟ್ಟಿದ್ದೆವು. // ಅದರಲ್ಲಿ / 11 ಲಕ್ಷ 40 ಸಾವಿರ / ವಸೂಲಾಗಿದೆ. // ಉಳಿದದ್ದು 60 ಸಾವಿರ. // ಅದಕ್ಕೆ ನಾವು / ಇನ್ನೂ ನೋಟಿಸ್ ಕೊಟ್ಟಿಲ್ಲ. //’

ಒಂದು ಬದಲಾವಣೆ ಗಮನಿಸಿ: ‘ಉಳಿದ 60 ಸಾವಿರಕ್ಕೆ’ ಎಂಬುದು ಒಡೆದು ಎರಡು ವಾಕ್ಯವಾಗಿದೆ. ಉಸಿರು ಸಾಲದಿದ್ದರೆ ಉಸಿರನ್ನು ಹಿಗ್ಗಿಸುವುದಕ್ಕಿಂತ ವಾಕ್ಯವನ್ನು ಮುರಿಯುವುದೇ ಸುಲಭದ ದಾರಿ. ‘11 ಲಕ್ಷ 40 ಸಾವಿರ’ದ ಹೊಟ್ಟೆಯಲ್ಲಿ ಗೆರೆ ಇಲ್ಲ ಎಂಬುದನ್ನೂ ನೋಡಿ. ‘11 ಲಕ್ಷ’ ಎಂದು ನಿಂತುಬಿಟ್ಟರೆ ಬರೆದುಕೊಳ್ಳುವವರು ಅಷ್ಟನ್ನೇ ಬರೆದುಕೊಂಡಿರುತ್ತಾರೆ.

ತಪ್ಪು ಜಾಗದಲ್ಲಿ ನಿಂತರೆ ಅರ್ಥವೇ ಬದಲಾಗುವುದುಂಟು. ‘ಸಾಲ ಪಡೆದ ಸದಸ್ಯರ ಮಕ್ಕಳು’ ಎಂಬುದನ್ನು ಗಟ್ಟಿಯಾಗಿ ಹೇಳಿ ನೋಡಿ. ‘ಸಾಲ ಪಡೆದ ಸದಸ್ಯರ / ಮಕ್ಕಳು’ ಎಂದರೆ ಸಾಲ ಪಡೆದದ್ದು ಅಪ್ಪ ಅಮ್ಮ. ‘ಸಾಲ ಪಡೆದ / ಸದಸ್ಯರ ಮಕ್ಕಳು’ ಎಂದರೆ ಸಾಲ ಮಕ್ಕಳ ತಲೆಗೆ ಬಂತು. ಕಾಗದದ ಮೇಲೆ ಎರಡೂ ಒಂದೇ.

ನಿಲುಗಡೆ ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರ ಬೇಡ. ತುಟಿ ಮುಚ್ಚಿ ಮೂಗಿನಿಂದ ಒಂದು ಸಲ ಉಸಿರೆಳೆದುಕೊಳ್ಳಿ, ಎರಡು ಗೆರೆಗೆ ಅಷ್ಟು ಸಾಕು. ತುಟಿ ಮುಚ್ಚುವುದರಿಂದ ಇನ್ನೊಂದು ಲಾಭವಿದೆ: ‘ಅದೂ...’, ‘ಅಂದ್ರೆ...’, ‘ಆಮೇಲೆ ಏನಪ್ಪಾ ಅಂದ್ರೆ’ಗಳು ಬಾಯಿ ತೆರೆದಿದ್ದರೆ ಮಾತ್ರ ಹೊರಬರುತ್ತವೆ. ಮಾತಾಡುವವರಿಗೆ ಈ ಮೌನ ಯುಗವೇ ಕಳೆದಂತೆ ಅನ್ನಿಸುತ್ತದೆ. ರೆಕಾರ್ಡಿಂಗ್ ಕೇಳಿದಾಗ ಅದು ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. ಟೈಲ್ಸ್ ಹಾಕಿದ ಕಲ್ಯಾಣ ಮಂಟಪದಲ್ಲಿ ಸಭೆಯಿದ್ದರೆ, ಜನ ಬರುವ ಮುಂಚೆ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗುಂಯ್‌ಗುಟ್ಟುತ್ತ ಉಳಿದರೆ ಅದು ಅಡಗುವಷ್ಟು ಹೊತ್ತು ಕಾಯಬೇಕು. ಇಲ್ಲವಾದರೆ ಹಿಂದಿನ ಪದದ ಪ್ರತಿಧ್ವನಿಯ ಮೇಲೆ ಮುಂದಿನ ಪದ ಬೀಳುತ್ತದೆ.

ಇನ್ನು ಒತ್ತು. ಒತ್ತು ಎಂದರೆ ಕೂಗುವುದು ಎಂಬ ಭಾವನೆ ಬಹಳ ಜನರಲ್ಲಿದೆ, ಮುಖ್ಯವಾಗಿ ರಾಜಕೀಯ ಭಾಷಣ ಕೇಳಿ ಬೆಳೆದವರಲ್ಲಿ. ಕೂಗದೆಯೂ ಒತ್ತಬಹುದು. ಪದಕ್ಕೆ ಮುಂಚೆ ತುಸು ತಡೆಯಬಹುದು, ಪದವನ್ನು ಕೊಂಚ ಉದ್ದ ಮಾಡಬಹುದು, ದನಿಯ ಶ್ರುತಿ ಏರಿಸಬಹುದು ಅಥವಾ ಇಳಿಸಬಹುದು. ‘ನಾವು ಇನ್ನೂ ನೋಟಿಸ್ ಕೊಟ್ಟಿಲ್ಲ’ ಎಂಬ ನಾಲ್ಕು ಪದಗಳಲ್ಲೇ ಪರೀಕ್ಷಿಸಿ. ‘ನಾವು’ ಮೇಲೆ ಒತ್ತು ಬಿದ್ದರೆ ಬೇರೆ ಯಾರೋ ಕೊಟ್ಟಿರಬಹುದು ಎಂಬ ಅನುಮಾನ ಹುಟ್ಟುತ್ತದೆ. ‘ಇನ್ನೂ’ ಮೇಲೆ ಬಿದ್ದರೆ ಸದ್ಯದಲ್ಲೇ ಕೊಡುತ್ತೇವೆ ಎಂಬ ಸೂಚನೆ. ‘ನೋಟಿಸ್’ ಮೇಲೆ ಬಿದ್ದರೆ ಬಾಯಿಮಾತಿನಲ್ಲಿ ಕೇಳಿದ್ದೇವೆ, ಕಾಗದ ಕಳಿಸಿಲ್ಲ. ‘ಕೊಟ್ಟಿಲ್ಲ’ ಮೇಲೆ ಬಿದ್ದರೆ ಕೊಟ್ಟಿದ್ದಾರೆಂಬ ಗಾಳಿಸುದ್ದಿಗೆ ಉತ್ತರ. ಹೇಳಬೇಕಾದದ್ದು ಯಾವುದೆಂದು ಮನೆಯಲ್ಲೇ ತೀರ್ಮಾನಿಸಿ ಆ ಒಂದು ಪದಕ್ಕೆ ಅಡಿಗೆರೆ ಎಳೆಯಿರಿ. ವಾಕ್ಯಕ್ಕೆ ಒಂದೇ. ಮೂರು ಪದಕ್ಕೆ ಎಳೆದರೆ ಯಾವುದಕ್ಕೂ ಎಳೆಯದಂತೆ.

ಅಭ್ಯಾಸಕ್ಕೆ ಮೊಬೈಲ್ ಮತ್ತು ಬಾಗಿಲು ಹಾಕಿದ ಕೋಣೆ ಸಾಕು. ಮೊದಲು ವಾಕ್ಯವನ್ನು ಬಾಲದಿಂದ ಕಟ್ಟಿ: ‘ಕೊಟ್ಟಿಲ್ಲ.’ ‘ನೋಟಿಸ್ ಕೊಟ್ಟಿಲ್ಲ.’ ‘ಇನ್ನೂ ನೋಟಿಸ್ ಕೊಟ್ಟಿಲ್ಲ.’ ‘ನಾವು ಇನ್ನೂ ನೋಟಿಸ್ ಕೊಟ್ಟಿಲ್ಲ.’ ಪ್ರತಿ ಸಲವೂ ಕೊನೆಯ ಪದ ಮೊದಲ ಸಲ ಇದ್ದಷ್ಟೇ ಗಟ್ಟಿಯಾಗಿರಬೇಕು. ನನ್ನ ಮಟ್ಟಿಗೆ ಕನ್ನಡದಲ್ಲಿ ಮಾತಾಡುವವರಿಗೆ ಇದಕ್ಕಿಂತ ಉಪಯುಕ್ತ ಕಸರತ್ತು ಇಲ್ಲ. ಇದು ಸಲೀಸಾದ ಮೇಲೆ ಅದೇ ವಾಕ್ಯದಲ್ಲಿ ಒತ್ತನ್ನು ಒಂದೊಂದೇ ಪದಕ್ಕೆ ಸರಿಸುತ್ತ ನಾಲ್ಕು ಸಲ ರೆಕಾರ್ಡ್ ಮಾಡಿ. ಮಾರನೆಯ ದಿನ ಕೇಳಿ, ಯಾವ ಸಲ ಯಾವ ಪದ ಒತ್ತಿದ್ದಿರಿ ಎಂದು ನಿಮಗೇ ಗುರುತು ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಒತ್ತು ನಿಮ್ಮ ಮನಸ್ಸಿನಲ್ಲಿತ್ತೇ ಹೊರತು ದನಿಗೆ ಬಂದಿರಲಿಲ್ಲ.

ಕೊನೆಯದು ಸ್ವಲ್ಪ ನಿರ್ದಯವಾದದ್ದು. ಗೆರೆ ಹಾಕಿದ ಎರಡು ನಿಮಿಷದ ಭಾಗವನ್ನು ನಿಂತುಕೊಂಡು ರೆಕಾರ್ಡ್ ಮಾಡಿ. ಮೊಬೈಲನ್ನು ಪಕ್ಕದ ಕೋಣೆಯಲ್ಲಿ ಕಡಿಮೆ ವಾಲ್ಯೂಮಿನಲ್ಲಿ ಹಾಕಿ, ಇಲ್ಲಿ ಕುಳಿತು ಅಂಕಿಗಳನ್ನೂ ಪ್ರತಿ ವಾಕ್ಯದ ಕೊನೆಯ ಪದವನ್ನೂ ಬರೆದುಕೊಳ್ಳಿ. ಬರೆದದ್ದು ನೀವೇ ಆದ್ದರಿಂದ ಪದಗಳು ನೆನಪಿನಿಂದ ಬಂದುಬಿಡುವ ಅಪಾಯವಿದೆ. ಅದಕ್ಕೇ ಒಂದೆರಡು ದಿನ ಬಿಟ್ಟು ಕೇಳುವುದು ಒಳ್ಳೆಯದು, ಅಥವಾ ದಿನಪತ್ರಿಕೆಯ ವಾಣಿಜ್ಯ ಪುಟದ ಸುದ್ದಿಯನ್ನು ಓದಿ ರೆಕಾರ್ಡ್ ಮಾಡಿಕೊಳ್ಳಿ.

ಒಬ್ಬರೇ ಮಾಡುವ ಅಭ್ಯಾಸಕ್ಕೆ ಮಿತಿಯೂ ಇದೆ. ಸಭೆಯಲ್ಲಿ ಎದೆ ಹೊಡೆದುಕೊಳ್ಳುವಾಗ ವೇಗ ತಾನಾಗಿ ಏರುತ್ತದೆ, ಕಣ್ಣು ಕಾಗದದ ಗೆರೆಗಳನ್ನು ಹಾರಿಸುತ್ತದೆ. ಆದ್ದರಿಂದ ಗೆರೆಗಳನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ಹಾಕಿ, ಎರಡು ಗೆರೆ ಬಂದಲ್ಲೆಲ್ಲ ಹೊಸ ಸಾಲು ಶುರುಮಾಡಿ ಬರೆದುಕೊಳ್ಳಿ. ಸಭೆ ಮುಗಿದ ಮೇಲೆ ಯಾರಾದರೂ ಬಂದು ‘ಎಷ್ಟು ಅಂದ್ರಿ ಸಾರ್?’ ಎಂದು ಕೇಳಿದರೆ ಬೇಸರಿಸಬೇಡಿ. ಯಾವ ವಾಕ್ಯ ಅವರಿಗೆ ಸಿಗಲಿಲ್ಲ ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡು, ಮುಂದಿನ ಅಭ್ಯಾಸವನ್ನು ಆ ವಾಕ್ಯದಿಂದಲೇ ಶುರುಮಾಡಿ.