ಡೆಕ್ಸ್ ಬಂದನೋ, ಬಂದಳೋ, ಬಂದರೋ?

ಅಮೆರಿಕದ ಲೇಖಕಿ ಬೆಕಿ ಚೇಂಬರ್ಸ್ ಅವರ ‘ಎ ಸಾಮ್ ಫಾರ್ ದ ವೈಲ್ಡ್-ಬಿಲ್ಟ್’ ಎಂಬ ಕಿರುಕಾದಂಬರಿ 2021ರಲ್ಲಿ ಬಂತು. ಮರುವರ್ಷ ಅದಕ್ಕೆ ಹ್ಯೂಗೊ ಪ್ರಶಸ್ತಿ ಸಿಕ್ಕಿತು. ಪಂಗಾ ಎಂಬ ಕಲ್ಪಿತ ಲೋಕದಲ್ಲಿ ಡೆಕ್ಸ್ ಎಂಬ ಸನ್ಯಾಸಿಯೊಂದು ಜೀವ ಗಾಡಿ ಕಟ್ಟಿಕೊಂಡು ಊರೂರು ಸುತ್ತುತ್ತದೆ. ಮನಸ್ಸು ಭಾರವಾದವರಿಗೆ ಚಹಾ ಮಾಡಿಕೊಟ್ಟು, ಅವರ ಮಾತು ಕೇಳುವುದೇ ಆ ಜೀವದ ಕಸುಬು. ಸನ್ಯಾಸಿ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಒಬ್ಬ ಗಂಡಸು ಬಂದಿರುತ್ತಾನೆ. ಆದರೆ ಡೆಕ್ಸ್ ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಇಂಗ್ಲಿಷಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡೆಕ್ಸ್‌ಗೆ ಮೊದಲಿನಿಂದ ಕೊನೆಯವರೆಗೂ ‘ದೇ’ ಎಂಬ ಸರ್ವನಾಮ ಬಳಕೆಯಾಗಿದೆ, ಓದುಗರಿಗೆ ಅಷ್ಟರಲ್ಲೇ ತಿಳಿಯುತ್ತದೆ. ಇದನ್ನು ಕನ್ನಡಕ್ಕೆ ತರಲು ಕೂತವರು ಮಾತ್ರ ಮೊದಲ ಪುಟದಲ್ಲೇ ಪೆನ್ನು ಕೆಳಗಿಡಬೇಕಾಗುತ್ತದೆ.

ಇದಕ್ಕೇನು ಕಷ್ಟ, ನಮ್ಮಲ್ಲಿ ‘ಅವರು’ ಇದೆಯಲ್ಲ ಎಂದು ಯಾರಿಗಾದರೂ ಅನಿಸಬಹುದು. ಅನಿಸುವುದು ಸಹಜವೇ. ‘ಅವರು’ ಬಹುವಚನವೂ ಹೌದು, ಒಬ್ಬರಿಗೂ ಸಲ್ಲುತ್ತದೆ, ಗಂಡು ಹೆಣ್ಣೆಂದು ನೋಡುವುದಿಲ್ಲ. ಗೊತ್ತಿಲ್ಲದವರ ವಿಷಯ ಬಂದಾಗಲಂತೂ ಕನ್ನಡ ಮೊದಲಿನಿಂದಲೂ ಹೀಗೇ ಮಾತಾಡುತ್ತದೆ. ಬಾಗಿಲು ತಟ್ಟಿದ್ದು ಒಬ್ಬರೇ ಆದರೂ ನಾವು ‘ಯಾರು ಬಂದರು?’ ಎಂದೇ ಕೇಳುತ್ತೇವೆ. ‘ಯಾರೋ ಕೊಡೆ ಬಿಟ್ಟುಹೋಗಿದ್ದಾರೆ’ ಎನ್ನುತ್ತೇವೆ. ‘ಯಾವನು’, ‘ಯಾವಳು’ ಎಂದರೆ ಅದು ಜಗಳದ ಭಾಷೆ. ಹಾಗಾಗಿ ಅಪರಿಚಿತರಿಗೆ ಬಳಸುವ ಇಂಗ್ಲಿಷಿನ ‘ದೇ’ ನಮಗೆ ತೊಡಕೇ ಅಲ್ಲ.

ತೊಡಕಿರುವುದು ಪರಿಚಿತರಲ್ಲಿ. ಡೆಕ್ಸ್ ನಮಗೆ ಚೆನ್ನಾಗಿ ಗೊತ್ತಿರುವ ಪಾತ್ರ. ಕನ್ನಡದಲ್ಲಿ ಗೊತ್ತಿರುವವರಿಗೆ ‘ಅವರು’ ಎಂದರೆ ಅದು ಲಿಂಗದ ಮಾತಾಗುವುದಿಲ್ಲ, ಮರ್ಯಾದೆಯ ಮಾತಾಗುತ್ತದೆ. 2019ರಲ್ಲಿ ಬ್ರಿಟನ್ನಿನ ಗಾಯಕ ಪ್ರತಿಭೆ ಸ್ಯಾಮ್ ಸ್ಮಿತ್ ತಮಗೆ ಇನ್ನು ಮುಂದೆ ‘ದೇ’ ಬಳಸಿ ಎಂದು ಕೇಳಿಕೊಂಡರು. (ಮೆರಿಯಮ್-ವೆಬ್‌ಸ್ಟರ್ ನಿಘಂಟು ಆ ವರ್ಷದ ಪದವಾಗಿ ಆರಿಸಿದ್ದೂ ಇದೇ ‘ದೇ’ಯನ್ನು.) ಈ ಸುದ್ದಿಯನ್ನು ‘ನನ್ನನ್ನು ಅವರು ಎಂದು ಕರೆಯಿರಿ ಎಂದ ಗಾಯಕ’ ಎಂದು ಬರೆದು ನೋಡಿ. ಹೆಸರು ಬಂದ ಮೇಲೆ ಜಂಬ ಬಂದಿದೆ, ಬಹುವಚನ ಕೊಡಿ ಎಂದು ದಬಾಯಿಸುತ್ತಿದ್ದಾರೆ ಎಂದೇ ನಮ್ಮವರು ಓದಿಕೊಳ್ಳುತ್ತಾರೆ. ನಮ್ಮ ಪತ್ರಿಕೆಗಳು ಹೆಸರಾಂತ ಕಲಾವಿದರಿಗೆಲ್ಲ ಹೇಗೂ ‘ಅವರು’ ಹಾಕುವುದರಿಂದ, ಆ ಕೋರಿಕೆ ಕನ್ನಡದಲ್ಲಿ ಕೇಳುವ ಮೊದಲೇ ಈಡೇರಿಬಿಟ್ಟಿದೆ, ಆದರೆ ಅದರ ಅರ್ಥ ಮಾತ್ರ ಯಾರಿಗೂ ತಲುಪಿಲ್ಲ. ಇನ್ನು ಮನೆಯೊಳಗಿನ ಕಥೆಯಲ್ಲಿ ಹೆಸರಿಲ್ಲದೆ ಬರಿ ‘ಅವರು’ ಎಂದರೆ, ಹಳೆಯ ಓದುಗರಿಗೆ ಅದು ಗಂಡನೇ!

ಹಾಗಾದರೆ ಹೊಸ ಸರ್ವನಾಮವನ್ನೇ ಕಟ್ಟಬಾರದೇಕೆ? ಇಂಗ್ಲಿಷಿನಲ್ಲಿ ಭೂತಕಾಲದ ಕ್ರಿಯಾಪದ ಯಾರು ಬಂದರೂ ಬಹುಮಟ್ಟಿಗೆ ಬದಲಾಗುವುದಿಲ್ಲ, ಸರ್ವನಾಮವೊಂದನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಲಿಂಗ ಕ್ರಿಯಾಪದದ ಬಾಲದಲ್ಲೂ ಕೂತಿದೆ: ಬಂದನು, ಬಂದಳು, ಬರುತ್ತಾನೆ, ಬರುತ್ತಾಳೆ. ಹೊಸ ಸರ್ವನಾಮಕ್ಕೆ ಪ್ರತಿ ಕಾಲದಲ್ಲೂ ಒಂದು ಹೊಸ ಪ್ರತ್ಯಯ ಹೊಸೆಯಬೇಕು, ಓದುಗರು ಅದನ್ನೆಲ್ಲ ಕಲಿಯಬೇಕು. ಒಂದು ಕಾದಂಬರಿಗಾಗಿ ಯಾರೂ ಅಷ್ಟು ತಾಳ್ಮೆ ತೋರುವುದಿಲ್ಲ. ‘ಅದು’ ಎಂಬುದು ಸಿದ್ಧವಾಗಿದೆ ನಿಜ, ಮಗುವಿಗೆ ಅದನ್ನು ಪ್ರೀತಿಯಿಂದಲೇ ಬಳಸುತ್ತೇವೆ, ಹವ್ಯಕರ ಆಡುಮಾತಿನಲ್ಲಿ ಹೆಂಗಸರಿಗೂ ಅದು ಸಲ್ಲುತ್ತದೆ. ಆದರೆ ಉಳಿದ ಕನ್ನಡದಲ್ಲಿ ಬೆಳೆದ ಮನುಷ್ಯರನ್ನು ‘ಅದು’ ಎಂದರೆ ಬೈಗುಳ. ಲೇಖನದ ಆರಂಭದಲ್ಲಿ ನಾನು ‘ಜೀವ ಸುತ್ತುತ್ತದೆ’ ಎಂದು ಜಾರಿಕೊಂಡೆ, ಆದರೆ ಆ ಉಪಾಯ ಎರಡು ವಾಕ್ಯಕ್ಕಿಂತ ಹೆಚ್ಚು ಬಾಳುವುದಿಲ್ಲ. ಮೇಲಾಗಿ ಈ ಕಥೆಯಲ್ಲಿ ಮಾಸ್‌ಕ್ಯಾಪ್ ಎಂಬ ರೋಬೋ ಇದೆ, ತನ್ನನ್ನು ವಸ್ತುವಿನ ಸರ್ವನಾಮದಿಂದಲೇ ಕರೆಯಬೇಕು ಎನ್ನುವುದು ಅದರ ಹಟ. ‘ಅದು’ ಮಾಸ್‌ಕ್ಯಾಪ್‌ಗೆ ಮೀಸಲು.

ಇಷ್ಟೆಲ್ಲ ಹೇಳಿದ ಮೇಲೂ ಕನ್ನಡ ಕೈಬಿಡುವುದಿಲ್ಲ ಎಂಬುದೇ ನನ್ನ ವಾದ. ನಮ್ಮ ವ್ಯಾಕರಣದಲ್ಲಿ ಲಿಂಗ ಇಲ್ಲದ ಮೂಲೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ‘ನಾನು ಬಂದೆ’ಯಲ್ಲಿ ಲಿಂಗವಿಲ್ಲ, ಹಿಂದಿಯಲ್ಲಾದರೆ ಅಲ್ಲೂ ಇರುತ್ತದೆ. ಆದ್ದರಿಂದ ಡೆಕ್ಸ್ ಆಡುವ ಮಾತೆಲ್ಲ ಸಲೀಸು. ‘ಬರಲಿಲ್ಲ’, ‘ಬರಬಹುದು’, ‘ಬರಬೇಕು’ ಇವು ಯಾರಿಗಾದರೂ ಒಂದೇ. ‘ತಾನು’, ‘ತನ್ನ’ ಎಂಬವು ಏಕವಚನದಲ್ಲಿದ್ದೂ ಗಂಡು ಹೆಣ್ಣಿನ ಗೊಡವೆಗೆ ಹೋಗುವುದಿಲ್ಲ. ಹಸಿವು, ಬೇಸರ, ನೆನಪು ಇವೆಲ್ಲ ನಮ್ಮಲ್ಲಿ ಮನುಷ್ಯರಿಗೆ ‘ಆಗುವ’ ಸಂಗತಿಗಳು: ‘ಡೆಕ್ಸ್‌ಗೆ ಹಸಿವಾಯಿತು.’

ಒಂದು ವಾಕ್ಯವನ್ನು ತಿದ್ದಿ ನೋಡೋಣ. ವಾಕ್ಯ ನನ್ನದೇ, ಪುಸ್ತಕದ್ದಲ್ಲ. ‘ಡೆಕ್ಸ್ ಗಾಡಿ ನಿಲ್ಲಿಸಿ ಕೆಟಲ್ ಹೊರತೆಗೆದರು. ಚಹಾಪುಡಿಯನ್ನು ಮರೆತುಬಂದಿದ್ದೇವೆಂದು ಅವರಿಗೆ ಗೊತ್ತಾಯಿತು.’ ಇದರಲ್ಲಿ ಎರಡು ಕೊರತೆ. ‘ಹೊರತೆಗೆದರು’ ಎಂಬುದು ಮರ್ಯಾದೆಯ ದೂರ ತಂದಿದೆ, ‘ಮರೆತುಬಂದಿದ್ದೇವೆ’ ಎಂಬುದರಿಂದ ಗಾಡಿಯಲ್ಲಿ ಇನ್ನೂ ಯಾರೋ ಇದ್ದಾರೇನೋ ಅನಿಸುತ್ತದೆ. ಈಗ ಹೀಗೆ: ‘ಗಾಡಿ ನಿಲ್ಲಿಸಿ ಕೆಟಲ್ ಹೊರತೆಗೆದ ಮೇಲೆ, ಚಹಾಪುಡಿ ಮರೆತುಬಂದದ್ದು ಡೆಕ್ಸ್‌ಗೆ ಗೊತ್ತಾಯಿತು.’ ಲಿಂಗವೂ ಇಲ್ಲ, ಬಹುವಚನವೂ ಇಲ್ಲ, ಓದಲು ಎಡವಟ್ಟೂ ಇಲ್ಲ.

ಇಲ್ಲೊಂದು ಹೊಂಡವಿದೆ. ಈ ದಾರಿಯ ರುಚಿ ಹತ್ತಿದರೆ ಡೆಕ್ಸ್ ಏನನ್ನೂ ಮಾಡುವುದೇ ಇಲ್ಲ, ಎಲ್ಲವೂ ಡೆಕ್ಸ್‌ಗೆ ಆಗುತ್ತಾ ಹೋಗುತ್ತದೆ. ಬೇಸರವಾಯಿತು, ನೆನಪಾಯಿತು, ಹೋಗಬೇಕೆನಿಸಿತು. ಈ ಕಥೆಯ ಜೀವಾಳವೇ ಡೆಕ್ಸ್ ಒಂದು ದಿನ ಪರಿಚಿತ ದಾರಿ ಬಿಟ್ಟು ಕಾಡಿನ ಕಡೆ ತಿರುಗುವುದು. ಅಲ್ಲಿ ‘ಹೊರಡುವ ಮನಸ್ಸಾಯಿತು’ ಎಂದರೆ ಕಥೆ ಬಿದ್ದುಹೋಗುತ್ತದೆ. ಅಧ್ಯಾಯವನ್ನು ಗಟ್ಟಿಯಾಗಿ ಓದಿದರೆ ಇದು ಕಿವಿಗೇ ತಿಳಿಯುತ್ತದೆ: ಉಳಿದವರೆಲ್ಲ ಓಡಾಡುತ್ತಿರುತ್ತಾರೆ, ಡೆಕ್ಸ್ ಮಾತ್ರ ಕೂತಲ್ಲೇ ಇರುವಂತೆ ಕೇಳಿಸುತ್ತದೆ. ಅಂಥ ಕಡೆ ಧೈರ್ಯ ಮಾಡಿ ‘ಡೆಕ್ಸ್ ಹೊರಟರು’ ಎಂದೇ ಬರೆಯಬೇಕು.

ಆ ‘ಹೊರಟರು’ ಮರ್ಯಾದೆಯಾಗಿ ಕೇಳಿಸಬಾರದು ಎಂದರೆ ಪುಸ್ತಕದ ಉಳಿದ ವಯಸ್ಕರಿಗೆ ಏನು ಬಳಸುತ್ತೇವೆ ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಗುರುಗಳಿಗೂ ದಾರಿಹೋಕರಿಗೂ ‘ಅವನು’, ‘ಅವಳು’ ಎಂದಿಟ್ಟುಕೊಂಡು ಡೆಕ್ಸ್‌ಗೆ ಮಾತ್ರ ‘ಅವರು’ ಎಂದರೆ, ಇದು ಮರ್ಯಾದೆಯ ಲೆಕ್ಕವಲ್ಲ ಎಂದು ಓದುಗರಿಗೆ ಹತ್ತಿಪ್ಪತ್ತು ಪುಟಗಳಲ್ಲಿ ಹೊಳೆಯುತ್ತದೆ. ಗುಂಪು ಬಂದಾಗ ‘ಅವರೆಲ್ಲ’, ‘ಅವರಿಬ್ಬರೂ’, ‘ಊರಿನವರು’ ಎಂದು ಬಿಡಿಸಿ ಬರೆದರೆ ಗೊಂದಲವೂ ತಪ್ಪುತ್ತದೆ. ಆದರೂ ಡೆಕ್ಸ್ ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬುದನ್ನು ಮುನ್ನುಡಿಯಲ್ಲಿ ಒಮ್ಮೆ ನೇರವಾಗಿ ಹೇಳಿಬಿಡುವುದೇ ವಾಸಿ. ಅಡಿಟಿಪ್ಪಣಿಗಳ ಗದ್ದಲ ಬೇಡ.

ನಾಮಪದಗಳ ಪಾಡು ಬೇರೆ. ಸನ್ಯಾಸಿ-ಸನ್ಯಾಸಿನಿ, ಶಿಕ್ಷಕ-ಶಿಕ್ಷಕಿ ಎಂಬ ಜೋಡಿಗಳು ಗುಟ್ಟು ಬಿಟ್ಟುಕೊಡುತ್ತವೆ, ‘ಮಠದವರು’, ‘ಟೀಚರ್’ ಎಂಬವು ಬಿಟ್ಟುಕೊಡುವುದಿಲ್ಲ. ಎಲ್ಲಕ್ಕಿಂತ ಕಾಡುವುದು ಡೆಕ್ಸ್ ಹೆಸರಿನ ಹಿಂದಿರುವ ‘ಸಿಬ್ಲಿಂಗ್’ ಎಂಬ ಬಿರುದು. ನಮ್ಮಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದಾರೆ, ಲಿಂಗದ ಜೊತೆ ವಯಸ್ಸನ್ನೂ ಕೇಳುವವರು. ‘ಒಡಹುಟ್ಟಿದವರು’ ಎಂಬುದು ಅರ್ಥಕ್ಕೆ ಸರಿಯಾದರೂ ಹೆಸರಿನ ಹಿಂದೆ ನಿಲ್ಲುವುದಿಲ್ಲ. ನಾನಾದರೆ ‘ಬಂಧು ಡೆಕ್ಸ್’ ಎಂದಿಡುತ್ತೇನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹತ್ತಿರ ಅದರಲ್ಲಿ ಇಲ್ಲ, ಆದರೆ ಚಹಾ ಕುಡಿಯಲು ಬಂದವರು ಕರೆಯಲು ನಾಲಿಗೆಗೆ ಹಗುರವಾಗಿದೆ.